ಹಳೆಯ ವಚನ, ಯಾರದೋ ಧಾಟಿ

ಬಸವೇಶ್ವರನಗರದಲ್ಲಿ ನಾವು ಕೆಲವು ಹೆಂಗಸರು ವಚನ ಕಲಿಯುತ್ತಿದ್ದುದು ನಿವೃತ್ತ ಸಂಗೀತ ಟೀಚರ್ ಒಬ್ಬರ ಮನೆಯಲ್ಲಿ. ಮಂಡಿನೋವಿನಿಂದ ಅವರು ಹೊರಗಿನ ಕಾರ್ಯಕ್ರಮಗಳನ್ನು ಬಿಟ್ಟ ಮೇಲೆ, ಹಾಡಿದ್ದನ್ನು ನಾಲ್ಕು ಜನ ಕೇಳಲಿ ಎಂದು ನಾನೇ ಒಂದು ವಿಡಿಯೋ ಚಾನೆಲ್ ತೆರೆದೆ.

ಮೊದಲ ವಿಡಿಯೋ ಅಪ್‌ಲೋಡ್ ಮಾಡುವಾಗ ಎಲ್ಲರೂ ಲ್ಯಾಪ್‌ಟಾಪಿನ ಸುತ್ತ ಕೂತಿದ್ದರು. ಕೃತಿಸ್ವಾಮ್ಯದ ತಪಾಸಣೆ ನಡೆದು, ‘ಪರಿಶೀಲನೆ ಮುಗಿದಿದೆ, ಯಾವುದೇ ಸಮಸ್ಯೆ ಕಂಡುಬಂದಿಲ್ಲ’ ಎಂದು ಬಂತು.

“ಅಂದ್ರೆ ನಾವು ಪಾಸು,” ಎಂದರು ಟೀಚರ್. ನಾವೆಲ್ಲ ಹಾಗೆಯೇ ನಂಬಿ ಕೇಸರಿಬಾತ್ ತಿಂದೆವು.

ಕೆಲವು ವಾರಗಳ ನಂತರ ಇಮೇಲ್ ಬಂತು. ನಮ್ಮ ವಿಡಿಯೋದ ಮೇಲೆ ಯಾರೋ ಹಕ್ಕು ಸಾಧಿಸಿದ್ದರು. ನಾನು ಟೀಚರ್ ಮನೆಗೆ ಹೋಗಿ ಓದಿ ಹೇಳಿದೆ.

“ವಚನ ಎಂಟುನೂರು ವರ್ಷ ಹಳೇದು ಕಣಮ್ಮ. ಅದ್ರ ಮೇಲೆ ಯಾರಿಗೆ ಹಕ್ಕು?”

“ಮಾತಿನ ಮೇಲಲ್ಲ ಟೀಚರ್, ಧಾಟಿ ಮೇಲೆ. ಅದನ್ನ ಕಟ್ಟಿದವರು ಬೇರೆ ಇದಾರೆ.”

“ಹೌದು. ಕ್ಯಾಸೆಟ್ ಕೇಳಿ ಕಲ್ತಿದ್ದು. ಆದ್ರೆ ಆವತ್ತು ಸಮಸ್ಯೆ ಇಲ್ಲ ಅಂತ ಬಂದಿತ್ತಲ್ಲ?”

ವಿಡಿಯೋ ತಾಣದ ಸಹಾಯಪುಟ ಓದಿಕೊಂಡೇ ಹೋಗಿದ್ದೆ. “ಹಕ್ಕುದಾರರು ಕೊಟ್ಟಿರೋ ಹಾಡುಗಳ ಜೊತೆ ನಮ್ಮದನ್ನ ಹೋಲಿಸಿ ನೋಡ್ತಾರೆ. ಆವತ್ತು ಯಾವುದೂ ಹೊಂದಲಿಲ್ಲ, ಅಷ್ಟೇ. ಆಮೇಲೆ ಹೊಸ ಹಾಡು ಸೇರಬಹುದು, ಹಕ್ಕುದಾರರು ತಾವೇ ಕೇಳಿ ಗುರುತಿಸಬಹುದು. ನಮಗೆ ಅನುಮತಿ ಇದೆ ಅಂತ ಆ ಮಾತಿನ ಅರ್ಥ ಅಲ್ಲ.”

“ಈಗ ತೆಗೆದುಹಾಕ್ತಾರಾ?”

“ಇಲ್ಲ. ಇದು ಶಿಕ್ಷೆಯಲ್ಲ. ವಿಡಿಯೋ ಇರತ್ತೆ, ಜಾಹೀರಾತು ಬಂದ್ರೆ ಅದರ ಹಣ ಅವರಿಗೆ. ತಪ್ಪು ಅನ್ನಿಸಿದ್ರೆ ತಕರಾರು ಹಾಕಬಹುದು.”

“ತಪ್ಪು ಹೆಂಗಾಗತ್ತೆ? ಧಾಟಿ ಅವರದ್ದೇ. ಹಂಗೇ ಇರ್ಲಿ, ಅವರ ಹೆಸರು ಕೆಳಗೆ ಹಾಕು.” ಹೆಸರು ಹಾಕಿದರೂ ಅವರ ಹಕ್ಕು ಹೋಗುವುದಿಲ್ಲ ಎಂದೆ. “ಹೋಗದಿದ್ರೇನು, ಹೇಳಬೇಕಾದ್ದು ಹೇಳಿದ ಹಾಗಾಯ್ತು.”

ಮುಂದಿನ ವಾರ ಅವರು ಹಾರ್ಮೋನಿಯಂ ಎಳೆದುಕೊಂಡು ಇನ್ನೊಂದು ವಚನಕ್ಕೆ ತಾವೇ ಧಾಟಿ ಕಟ್ಟತೊಡಗಿದರು. ಇಷ್ಟು ವರ್ಷ ಕಲಿಸಿದ್ದರೇ ಹೊರತು, ಸ್ವಂತವಾಗಿ ಒಂದು ಧಾಟಿಯನ್ನೂ ಕಟ್ಟಿರಲಿಲ್ಲ. ಎರಡನೇ ಸಾಲಿನಲ್ಲಿ ಸ್ವರ ಎಲ್ಲಿ ಇಳಿಯಬೇಕು ಎಂಬುದಕ್ಕೆ ನಾವು ಜಗಳವಾಡಿ, ಕೊನೆಗೆ ಅವರು ಹೇಳಿದ್ದನ್ನೇ ಹಾಡಿದೆವು. ಅಪ್‌ಲೋಡ್ ಮಾಡಿದಾಗ ‘ಸಮಸ್ಯೆ ಕಂಡುಬಂದಿಲ್ಲ’ ಎಂಬ ಅದೇ ಸಂದೇಶ ಬಂತು. ಈ ಸಲ ಯಾರೂ ಅದನ್ನು ಫಲಿತಾಂಶದಂತೆ ಓದಲಿಲ್ಲ. ನೆಮ್ಮದಿಯಿದ್ದದ್ದು ಧಾಟಿ ನಮ್ಮದು ಎಂಬುದರಲ್ಲಿ.

ಕೆಂಗೇರಿಯ ಹೆಂಗಸೊಬ್ಬರು ಆ ವಿಡಿಯೋ ಕೆಳಗೆ, ‘ಈ ಧಾಟಿ ನಮ್ಮ ಭಜನಾ ಮಂಡಳಿಯಲ್ಲಿ ಹಾಡಬಹುದಾ?’ ಎಂದು ಕೇಳಿದ್ದರು. ಟೀಚರ್‌ಗೆ ತೋರಿಸಿದೆ.

“ನಮ್ಮನ್ನ ಕೇಳಿ ಹಾಡ್ತೀನಿ ಅಂದ್ರಲ್ಲ, ಎಷ್ಟು ಚೆನ್ನಾಗಿದೆ,” ಎಂದು ನನ್ನಿಂದ ಅವರ ನಂಬರ್ ಕೇಳಿಸಿ, ಫೋನ್ ಮಾಡಿಸಿ, ಫೋನಿನಲ್ಲೇ ಎರಡನೇ ಸಾಲನ್ನು ನಿಧಾನವಾಗಿ ಹಾಡಿ ತೋರಿಸಲು ಕೂತರು.