ಮೊದಲು ‘ಬ್ಯಾಡ’

ಮೇಡ್ಲೇರಿಯ ನರ್ಸಬಾಯಿ ಗುಲಾಬಬಿ ‘ಬ್ಯಾಡ’ ಎಂದರೆ ತುಂಗಭದ್ರೆಯೂ ಒಂದು ಗಳಿಗೆ ನಿಂತು, ಏನು ಬ್ಯಾಡವೆಂದು ಕೇಳಿಕೊಂಡು ಮುಂದೆ ಹರಿಯುತ್ತಿತ್ತಂತೆ. ಅವರ ಬಾಯಲ್ಲಿ ಯಾವ ಮಾತಿಗೂ ಮೊದಲು ‘ಬ್ಯಾಡ’ ಬರುತ್ತಿತ್ತು. ಏನು, ಯಾಕೆ ಎಂಬುದೆಲ್ಲ ಆಮೇಲೆ.

೧೯೯೧ರಲ್ಲಿ ಆ ಬಾಯಿಗೆ ರಾಣೆಬೆನ್ನೂರಿನ ಫೋಟೋ ಸ್ಟುಡಿಯೋದಿಂದ ಕರೆ ಬಂತು. ಸೂಲಗಿತ್ತಿಯರಿಗೆ ಹೆರಿಗೆ ಕಲಿಸುವ ಇಂಗ್ಲಿಷ್ ವಿಡಿಯೋಗೆ ಕನ್ನಡ ದನಿ ಕೊಡಬೇಕಿತ್ತು, ಮರುದಿನವೇ ತರಬೇತಿ. ತರಬೇತಿ ನಡೆಸುವ ಡಾಕ್ಟರ್ ಶಕುಂತಲಾ ಕನ್ನಡದಲ್ಲಿ ಬರೆದ ಸಾಲು ಶುದ್ಧವಾಗಿತ್ತು: ‘ಜರಾಯು ತಾನಾಗಿ ಬೇರ್ಪಡುವ ಮುನ್ನ ಹೊಕ್ಕುಳಬಳ್ಳಿಯನ್ನು ಎಳೆಯಬೇಡಿ.’ ಆದರೆ ಬಳ್ಳಿ ಹಿಡಿದ ಕೈ ಪರದೆಯ ಮೇಲಿರುವುದು ಮೂರೇ ಸೆಕೆಂಡು. ಗುಲಾಬಬಿ ಓದಿದಾಗ ‘ಎಳೆಯ’ ಎನ್ನುವಷ್ಟರಲ್ಲಿ ಕೈ ಮಾಯವಾಗಿ, ‘ಬೇಡಿ’ ಹೋಗಿ ಕೂಸು ಒರೆಸುವ ಚಿತ್ರದ ಮೇಲೆ ಬಿತ್ತು.

“ಬಳ್ಳಿ ಎಳೀರಿ, ಕೂಸು ಒರಸಬ್ಯಾಡ್ರಿ ಅಂದಂಗಾತಲ್ಲರಿ ಬಾಯಾರ!” ಎಂದು ಸ್ಟುಡಿಯೋದವನು ನಕ್ಕ.

ಡಾಕ್ಟರಿಗೆ ನಗು ಬರಲಿಲ್ಲ. ಅವಸರಕ್ಕೆ ಯಾರೋ ಬಳ್ಳಿ ಎಳೆದುದರಿಂದ ರಕ್ತ ಸುರಿಸಿಕೊಂಡು ಆಸ್ಪತ್ರೆಗೆ ಬಂದ ಬಾಣಂತಿಯರನ್ನು ಅವರು ಕಂಡಿದ್ದರು.

ಟೇಪನ್ನು ಹಿಂದಕ್ಕೆ ಸುತ್ತಿದರು. ಕೈ ಕಾಣುತ್ತಲೇ ಗುಲಾಬಬಿ ಕಾಗದ ಬದಿಗಿಟ್ಟು ಗುಡುಗಿದರು: “ಎಳೀಬ್ಯಾಡ್ರಿ ಬಳ್ಳಿ! ಮಾಸು ತಾನ ಬಿಡ್ಲಿ!”

ಮಾತೂ ಕೈಯೂ ಒಟ್ಟಿಗೇ ಮುಗಿದವು. ಜರಾಯು ಊರಿನ ಮಾತಿನ ‘ಮಾಸು’ ಆಯಿತು. ಅರ್ಥ ಎಳ್ಳಷ್ಟೂ ಕದಲಲಿಲ್ಲ.

“ಕ್ರಿಯಾಪದ ಮುಂದಕ್ಕ ತರೂ ಈ ವಿದ್ಯಾ ಎಲ್ಲಿ ಕಲ್ತೀರಿ ಗುಲಾಬಬಿ?” ಎಂದು ಡಾಕ್ಟರು ಬೆರಗಾದರು.

“ಮನ್ಯಾಗ ಆರು ಮೊಮ್ಮಕ್ಕಳದಾವರಿ. ನಾ ‘ಒಲಿ’ ಅನ್ನೂದ್ರಾಗ ಕೈ ಒಲ್ಯಾಗಿರ್ತಾವ.”