ಮೊದಲ ಐದು ಸೆಕೆಂಡು

ಈಜುಕೊಳದ ಕಾವಲುಗಾರರನ್ನು ಮಕ್ಕಳು ಸೀಟಿ ಮಾಮ ಎಂದೇ ಕರೆಯುತ್ತಿದ್ದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಉದ್ದನೆಯ ಕೋಲು, ಕುರ್ಚಿಯ ಪಕ್ಕದಲ್ಲಿ ಮುಳುಗುವವರತ್ತ ಎಸೆಯಲು ಹಗ್ಗ ಕಟ್ಟಿದ ಖಾಲಿ ಕ್ಯಾನು. ಅವರು ನೀರಿಗೆ ಹಾರಿದ್ದನ್ನು ಕಂಡವರು ಕಡಿಮೆ.

"ಮಾಮ, ನಿಮಗೆ ನಿಜವಾಗ್ಲೂ ಈಜು ಬರುತ್ತಾ?" ಎಂದು ಮಕ್ಕಳು ಕೆಣಕುತ್ತಿದ್ದರು.

"ಬರದೇ ಇದ್ರೆ ನೀನೇ ಎತ್ತಯ್ಯ ನನ್ನ."

ಊರಾಚೆಯ ಕೆರೆ, ಬಾವಿಗಳಲ್ಲಿ ಯಾರಾದರೂ ಮುಳುಗಿದರೆ ಪೊಲೀಸರು ಅವರನ್ನೇ ಕರೆಯುತ್ತಿದ್ದರು. ಹಲವು ಸಲ ಅವರು ಹೊರತೆಗೆದದ್ದು ಎರಡು ದೇಹ. ಮುಳುಗಿದವನೊಬ್ಬ, ಉಳಿಸಲು ಹಾರಿದವನೊಬ್ಬ. ಮೊದಲನೆಯವನ ಕೈ ಎರಡನೆಯವನ ಕತ್ತಿನ ಸುತ್ತ ಬಿಗಿದಿರುತ್ತಿತ್ತು. ಅಂಥ ದಿನ ಮನೆಗೆ ಬಂದು ಅವರು ಊಟ ಮಾಡುತ್ತಿರಲಿಲ್ಲ.

ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವ ಮಗಳು ಒಂದು ದಿನ, "ಅಪ್ಪ, ನೀರಿಗೆ ಹಾರದೇ ಉಳಿಸೋದನ್ನ ಕಲಿಸೋ ಒಂದು ಯೂಟ್ಯೂಬ್ ಚಾನೆಲ್ ಮಾಡೋಣ" ಎಂದಳು. ಪಂಪು ಕೆಟ್ಟು ಕೊಳ ಮುಚ್ಚಿದ್ದ ವಾರ ಚಿತ್ರೀಕರಣ ನಡೆಯಿತು. ನೀರು ಅಲುಗದೆ, ಹಸಿರು ತಿರುಗಿ, ತಳ ಕಾಣದೆ ನಿಂತಿತ್ತು. ಪಂಪು ರಿಪೇರಿಗೆ ಬಂದಿದ್ದವನು ಮುಳುಗುವವನ ಪಾತ್ರ ಮಾಡಿದ. ಹಗ್ಗ ಎಸೆಯುವುದು, ದಡದಲ್ಲಿ ಬೋರಲು ಮಲಗಿ ಕೋಲು ಚಾಚುವುದು, ಎಲ್ಲವನ್ನೂ ತೆಗೆದರು. ಏನು ಮಾಡಬಾರದು ಎಂದು ತೋರಿಸಲು ಒಂದೇ ಒಂದು ಸಲ ಅವರು ನೀರಿಗೆ ಹಾರಿದರು. ಪಂಪಿನವನು ಕತ್ತಿಗೆ ಜೋತುಬಿದ್ದ. ಇಬ್ಬರೂ ಒಳಗೆ ಹೋದರು. ಅವನು ನಟಿಸುತ್ತಿದ್ದರೂ, ಮೇಲೆ ಬಂದಾಗ ಸೀಟಿ ಮಾಮನ ಮುಖ ಬಿಳಿಚಿತ್ತು.

ಮಗಳು ಮುಕ್ಕಾಲು ನಿಮಿಷದ ಟ್ರೇಲರ್ ಸಿದ್ಧಪಡಿಸಿದಳು. ಚಾನೆಲ್‌ಗೆ ಹೊಸದಾಗಿ ಬಂದವರಿಗೆ ಮೊದಲು ಕಾಣುವುದು ಅದೇ. ಶುರುವಿಗೇ ಅಪ್ಪನ ಜಿಗಿತ, ನೀರು ಸಿಡಿದದ್ದು; ಬಳಿಕ ಹಗ್ಗ, ಕೋಲು. ಆಮೇಲೆ ಕ್ಯಾಮೆರಾ ನೋಡುತ್ತ ಅಪ್ಪನ ಮಾತು: "ನೀರಿಗೆ ಹಾರಬೇಡಿ. ಹಾರದೇ ಜೀವ ಉಳಿಸೋದನ್ನ ವಾರಕ್ಕೊಂದು ಪಾಠದಲ್ಲಿ ಕಲಿಸ್ತೀನಿ. ಸಬ್‌ಸ್ಕ್ರೈಬ್ ಆಗಿ. ನಿಮ್ಮ ಹತ್ತಿರ ಎಂಥ ನೀರಿದೆ, ಕೆಳಗೆ ಬರೀರಿ."

"ಹಾರಬೇಡಿ ಅನ್ನೋರೇ ಮೊದಲು ಹಾರ್ತಾರಲ್ಲೇ?" ತರಕಾರಿ ಹೆಚ್ಚುತ್ತಿದ್ದ ಹೆಂಡತಿ ಕೇಳಿದರು.

"ಅಮ್ಮ, ಮೊದಲ ಐದು ಸೆಕೆಂಡಲ್ಲಿ ಹಿಡಿದಿಡ್ಲಿಲ್ಲ ಅಂದ್ರೆ ಯಾರೂ ನಿಲ್ಲಲ್ಲ. ಕೋಲು ಹಿಡಿದು ಮಲಗಿರೋ ಅಪ್ಪನ್ನ ಯಾರು ನೋಡ್ತಾರೆ?"

"ನಾನು ನೋಡ್ತಿಲ್ವಾ ಇಷ್ಟು ವರ್ಷ!"

ಮೂವರೂ ನಕ್ಕರು. ಸೀಟಿ ಮಾಮನಿಗೂ ಒಳಗೊಳಗೇ ಏನೋ ಚುಚ್ಚಿತ್ತು. ಆದರೆ ಬಿಲ್ಲಿನಂತೆ ಬಾಗಿ ಹಾರಿದ ತಮ್ಮ ಮೈಯನ್ನು ಮತ್ತೆ ಮತ್ತೆ ನೋಡಿ, "ಇರಲಿ ಬಿಡು, ಚೆನ್ನಾಗಿದೆ" ಎಂದುಬಿಟ್ಟರು.

ಭಾನುವಾರ ಬೆಳಿಗ್ಗೆ ಮಗಳು ಖುಷಿಯಿಂದ ಫೋನ್ ತಂದಳು. ಸಾವಿರಾರು ಜನ ನೋಡಿದ್ದರು. ಕಾಮೆಂಟುಗಳನ್ನು ಓದುತ್ತ ಹೋದವಳು ಒಂದರ ಬಳಿ ನಿಂತಳು. ಮುಖವಿಲ್ಲದ ಖಾತೆ, ಹಿಂದಿನ ಸಂಜೆ ಬರೆದದ್ದು: "ಸೂಪರ್ ಜಂಪ್ ಅಂಕಲ್. ನಮ್ಮಲ್ಲಿ ಕಲ್ಲು ಕ್ವಾರಿ ತುಂಬಿದೆ. ನಾಳೆ ನಾವೂ ಇದನ್ನೇ ಮಾಡ್ತೀವಿ, ಒಬ್ಬ ಮುಳುಗೋದು, ಒಬ್ಬ ಹಾರೋದು."

"ಕೊನೇಲಿ ನಾನು ಹೇಳಿದ್ದನ್ನ ಕೇಳಲಿಲ್ವಾ ಇವರು?"

ಮಗಳು ಅಂಕಿಅಂಶದ ಪುಟ ತೆರೆದಳು. ಎಷ್ಟು ಜನ ಎಲ್ಲಿಯವರೆಗೆ ನೋಡಿದರೆಂದು ತೋರಿಸುವ ಗೆರೆ ಜಿಗಿತದ ಬಳಿ ಎತ್ತರದಲ್ಲಿತ್ತು. ಅಪ್ಪ ಬಾಯಿ ತೆರೆಯುವ ಹೊತ್ತಿಗೆ ನೆಲಕ್ಕೆ ಬಂದಿತ್ತು.

"ಹೆಚ್ಚಿನವರು ನಿಮ್ಮ ಮಾತಿನವರೆಗೆ ಬಂದೇ ಇಲ್ಲ ಅಪ್ಪ."

"ತೆಗೆದುಹಾಕು ಈಗಲೇ!"

"ಅಳಿಸಿದ್ರೆ ಈ ಕಾಮೆಂಟೂ ಹೋಗುತ್ತೆ. ನಾವು ಬರೆಯೋ ಉತ್ತರ ಅವನಿಗೆ ಸಿಗೋದೇ ಇಲ್ಲ. ಹಾರೋದನ್ನ ಮಾತ್ರ ಕತ್ತರಿಸಬಹುದು. ಆದ್ರೆ ಹೊಸದು ತಯಾರಾಗೋವರೆಗೂ ಹಳೇದೇ ಓಡ್ತಿರುತ್ತೆ."

ಕೊನೆಗೆ ಹೊಸಬರ ಕಣ್ಣಿಗೆ ಬೀಳದೆ, ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ ಟ್ರೇಲರನ್ನು ಬದಲಿಸಿ, ಆ ಕಾಮೆಂಟಿನ ಕೆಳಗೆ ಬರೆದಳು: "ದಯವಿಟ್ಟು ನೀರಿಗೆ ಇಳಿಯಬೇಡಿ. ಅದು ತಪ್ಪು ವಿಧಾನ. ಎಲ್ಲಿದ್ದೀರಿ? ಫೋನ್ ಮಾಡಿ." ಕೆಳಗೆ ನಂಬರು ಹಾಕಿದಳು.

ಸೀಟಿ ಮಾಮ ಹಗ್ಗ, ಕ್ಯಾನು ತಂದು ಸ್ಕೂಟರಿಗೆ ಕಟ್ಟಿದರು. ಕೀಲಿ ತಿರುಗಿಸಿ ಹಾಗೇ ನಿಂತರು.

"ಯಾವ ಕ್ವಾರಿಗೆ ಹೋಗ್ತೀರಿ?" ಹೆಂಡತಿ ಮೆಲ್ಲಗೆ ಕೇಳಿದರು.

ಸ್ಕೂಟರು ಸುಮ್ಮನೆ ಗುಡುಗುಡು ಎನ್ನುತ್ತಿತ್ತು. ಅವರು ಪೊಲೀಸ್ ಠಾಣೆಗೆ ಫೋನ್ ಮಾಡಿದರು. ಅಲ್ಲಿಯೂ ಕೇಳಿದ್ದು ಅದನ್ನೇ, ಯಾವ ಕ್ವಾರಿ?

ಬಿಸಿಲು ಏರಿತು. ಮಗಳು ಪುಟವನ್ನು ಎಳೆದು ಎಳೆದು ಹೊಸದು ಮಾಡುತ್ತಿದ್ದಳು. "ಮಲಗಿರಬೇಕಪ್ಪ. ಎದ್ದ ಮೇಲೆ ನೋಡ್ತಾನೆ."

ಅವರು ಸ್ಕೂಟರ್ ಆರಿಸಿ ಹೊಸ್ತಿಲ ಮೇಲೆ ಕುಳಿತರು. ಕೊಳಕ್ಕೆ ಬರುವ ಮಕ್ಕಳನ್ನು ದಿನವೂ ನೋಡಿದವರು ಅವರು. ಯಾರೇ ಆಗಲಿ, ನೀರಿಗಿಳಿಯುವ ಮೊದಲು ಫೋನನ್ನು ಅಂಗಿಯಲ್ಲಿ ಸುತ್ತಿ ದಡದ ಮೇಲಿಡುತ್ತಾರೆ. ಅದನ್ನು ಮಗಳಿಗೆ ಹೇಳಬೇಕೆನಿಸಿತು. ಹೇಳಲಿಲ್ಲ.

"ಇನ್ನೊಂದು ಸಲ ಬರಿ" ಎಂದರು.