ತೊಂಬತ್ತೆಂಟು ಲಕ್ಷದ ಸರಿಯಾದ ತಪ್ಪು

ನಾನು ಓದಿದ್ದು ಭೌತವಿಜ್ಞಾನ, ಹೊಟ್ಟೆ ಹೊರೆಯುತ್ತಿರುವುದು ಲೆಕ್ಕಪತ್ರದಿಂದ. ಯಾರಾದರೂ ಉದ್ಯೋಗವೇನೆಂದು ಕೇಳಿದರೆ ಕಂಪನಿಯ ಲೆಕ್ಕ ವಿಭಾಗ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ನಿಜ ಹೇಳಬೇಕೆಂದರೆ ನನ್ನ ಕೆಲಸ ಅಳಿಸುವುದು. ನಮ್ಮದು ಕೆಮ್ಮಿನ ಔಷಧ ತಯಾರಿಸುವ ಕಂಪನಿ. ಅದರ ಕೆಳಗೆ ಮೂರು ಅಂಗಸಂಸ್ಥೆಗಳಿವೆ. ಒಂದು ಸೀಸೆ ಮಾಡುತ್ತದೆ, ಒಂದು ರಟ್ಟಿನ ಪೆಟ್ಟಿಗೆ ಮಾಡುತ್ತದೆ, ಇನ್ನೊಂದು ಲಾರಿ ಓಡಿಸುತ್ತದೆ. ಇವು ವರ್ಷವಿಡೀ ಒಂದಕ್ಕೊಂದು ಮಾರಿ, ಕೊಂಡು, ಬಿಲ್ಲು ಹರಿದು ಸಂಭ್ರಮಿಸುತ್ತವೆ. ವರ್ಷದ ಕೊನೆಯಲ್ಲಿ ನಾನು ಕುಳಿತು ಅಷ್ಟನ್ನೂ ಒರೆಸುತ್ತೇನೆ. ಹೊರಗಿನವರ ಕಣ್ಣಿಗೆ ನಾಲ್ಕೂ ಸೇರಿ ಒಂದೇ ಕಂಪನಿ ಎಂಬಂತೆ ಒಟ್ಟು ಲೆಕ್ಕ ತೋರಿಸಬೇಕು. ಬಲಗೈ ಎಡಗೈಗೆ ಮಾರಿದ್ದನ್ನು ವ್ಯಾಪಾರ ಎನ್ನುವಂತಿಲ್ಲ. ಹೀಗಾಗಿ ಕಚೇರಿಯಲ್ಲಿ ನನಗೆ ‘ಮೈನಸ್’ ಎಂದು ಹೆಸರು. ಎದುರಿಗೆ ‘ಸಾರ್’ ಎನ್ನುತ್ತಾರೆ, ಬೆನ್ನ ಹಿಂದೆ ಮೈನಸ್. ನನ್ನ ಕಿವಿ ಚುರುಕು.

ಮನೆಯಲ್ಲೂ ಈ ಗುಣ ಬಿಡಲಿಲ್ಲ. ನನ್ನ ಹೆಂಡತಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಒಮ್ಮೆ ನನ್ನ ಎರಡು ಅಂಗಿ ಹೊಲಿದು ಕೂಲಿ ಕೇಳಿದಳು. ಕೊಟ್ಟೆ; ಕೊಟ್ಟು ಸುಮ್ಮನಿರಬೇಕಿತ್ತು. ಮನೆಯ ಒಟ್ಟು ಲೆಕ್ಕದಲ್ಲಿ ಇದು ನಿನ್ನ ಆದಾಯವೂ ಅಲ್ಲ, ನನ್ನ ಖರ್ಚೂ ಅಲ್ಲ, ಎರಡೂ ಹೊಡೆದುಹೋಗುತ್ತವೆ ಎಂದು ವಿವರಿಸಿದೆ. ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು ಯೋಚಿಸಿದಳು.

“ಅಂದ್ರೆ ನಾನು ಎರಡು ದಿನ ಬೆನ್ನು ಬಗ್ಗಿಸಿದ್ದು?”

“ಅದೂ ಲೆಕ್ಕಕ್ಕೆ ಬರಲ್ಲ.”

“ಸರಿ ಬಿಡಿ,” ಎಂದಳು. ಮೂರನೆಯ ಅಂಗಿಯ ಬಟ್ಟೆ ಇನ್ನೂ ಕಪಾಟಿನಲ್ಲಿದೆ.

ಸೀಸೆ ಕಂಪನಿಯ ವಿಷಯಕ್ಕೆ ಬರುತ್ತೇನೆ. ಅದನ್ನು ಹುಟ್ಟುಹಾಕುವಾಗ ಬಂಡವಾಳದಲ್ಲಿ ಮುಕ್ಕಾಲು ಪಾಲು ನಮ್ಮ ಕಂಪನಿಯದು, ಕಾಲು ಪಾಲು ಒಬ್ಬ ಹೆಂಗಸಿನದು. ಸೀಸೆಯ ಅಚ್ಚು ತಯಾರಿಸುವುದರಲ್ಲಿ ಪಳಗಿದವರು. ಮೊದಲ ಯಂತ್ರ ಕೂರಿಸಿದಾಗಿನಿಂದಲೂ ಅಲ್ಲೇ ಇದ್ದು ಕಾರ್ಖಾನೆಯನ್ನು ನೋಡಿಕೊಂಡವರು. ಎಲ್ಲರೂ ಅವರನ್ನು ಸೀಸೆ ಅಮ್ಮ ಎನ್ನುತ್ತಿದ್ದರು. ನನ್ನ ಲೆಕ್ಕದಲ್ಲಿ ಮಾತ್ರ ಅವರು ಒಂದು ಸಾಲು: ‘ನಿಯಂತ್ರಣೇತರ ಪಾಲು’. ಅಂಗಸಂಸ್ಥೆಯ ಆಸ್ತಿ, ಸಾಲ, ಲಾಭಗಳನ್ನು ಒಟ್ಟು ಲೆಕ್ಕಕ್ಕೆ ನೂರಕ್ಕೆ ನೂರು ಸೇರಿಸಿಕೊಂಡ ಮೇಲೆ, ಇದರಲ್ಲಿ ಇಷ್ಟು ನಮ್ಮದಲ್ಲ, ಹೊರಗಿನವರದು ಎಂದು ಒಪ್ಪಿಕೊಳ್ಳುವ ಸಾಲು ಅದು. ಇಪ್ಪತ್ತು ವರ್ಷ ಅಚ್ಚುಗಳ ಬಿಸಿಯಲ್ಲಿ ನಿಂತವರಿಗೆ ‘ನಿಯಂತ್ರಣವಿಲ್ಲದವರು’ ಎಂದು ನಾನು ಹೆಸರಿಟ್ಟಿದ್ದೆ. ಅವರ ಕಾರ್ಖಾನೆಯೊಳಗೆ ಅವರು ಕಣ್ಣೆತ್ತಿ ನೋಡಿದರೆ ನಾನೇ ನಿಯಂತ್ರಣಕ್ಕೆ ಬರುತ್ತಿದ್ದೆ.

ಈ ವರ್ಷ ಅವರು ತಮ್ಮ ಕಾಲು ಪಾಲನ್ನು ನಮಗೇ ಮಾರಿ ಹೊರಡುವುದೆಂದು ನಿರ್ಧರಿಸಿದರು. ಮಗಳ ಜೊತೆ ಸ್ವಂತದ್ದೊಂದು ಅಚ್ಚಿನ ಕಾರ್ಯಾಗಾರ ತೆರೆಯುವ ಆಸೆ. ಯಂತ್ರ, ಶೆಡ್ಡು, ಕಂಪ್ರೆಸರ್ ಎಲ್ಲ ಸೇರಿ ಒಂದು ಕೋಟಿ ಬೇಕೆಂದು ಅಂದಾಜು ಹಾಕಿದ್ದರು. ವರ್ಷದ ಕೊನೆಯ ದಿನ ಪುಸ್ತಕದಲ್ಲಿ ಅವರ ಪಾಲು ಎಷ್ಟು ಬರುತ್ತದೋ ಅದೇ ಬೆಲೆ, ಚೌಕಾಸಿ ಬೇಡ ಎಂದು ಎರಡೂ ಕಡೆಯವರು ಬಾಯಿಮಾತಿನಲ್ಲಿ ಒಪ್ಪಿದ್ದರು. ಯಾವ ಪುಸ್ತಕ ಎಂದು ಯಾರೂ ಕೇಳಿರಲಿಲ್ಲ. ಒಪ್ಪಂದದಲ್ಲಿ ಆ ವಾಕ್ಯ ಬರೆಯುವ ಕೆಲಸ ನನಗೆ ಬಂತು. ನಾನು ಜಾಣ. ‘ಸಮೂಹದ ಒಟ್ಟು ಲೆಕ್ಕಪತ್ರದಲ್ಲಿ ಕಾಣುವ ನಿಯಂತ್ರಣೇತರ ಪಾಲಿನ ಮೊತ್ತ’ ಎಂದು ಬರೆದೆ. ಆಡಿಟರ್ ಪರಿಶೀಲಿಸಿದ ಅಂಕಿ, ಜಗಳಕ್ಕೆ ಜಾಗವೇ ಇಲ್ಲ. ನಮ್ಮ ಹಣಕಾಸು ಮುಖ್ಯಸ್ಥರು ಓದಿ, ಅಚ್ಚುಕಟ್ಟಾಗಿದೆ ಎಂದರು. ಅವರು ಹಾಗೆ ಹೇಳುವುದು ಅಪರೂಪವಾದ್ದರಿಂದ ಆ ದಿನ ಕ್ಯಾಂಟೀನಿನಲ್ಲಿ ನಾನು ಎರಡು ಚಹಾ ಕುಡಿದೆ.

ಆಮೇಲೆ ಮಾಮೂಲಿನಂತೆ ಒರೆಸಲು ಕುಳಿತೆ. ಸೀಸೆ ಕಂಪನಿ ನಮಗೆ ವರ್ಷದಲ್ಲಿ ಮಾರಿದ್ದು ಆರು ಕೋಟಿಯ ಸೀಸೆ. ಒಟ್ಟು ಮಾರಾಟದಿಂದ ಆರು ಕೋಟಿ, ಒಟ್ಟು ಖರೀದಿಯಿಂದ ಆರು ಕೋಟಿ ಹೊಡೆದುಹಾಕಿದೆ. ನಾವು ಅವರಿಗೆ ಕೊಡಬೇಕಾದ ಬಾಕಿ ಅವರ ಪುಸ್ತಕದಲ್ಲಿ ಅರವತ್ತೆರಡು ಲಕ್ಷ ಇತ್ತು, ನಮ್ಮದರಲ್ಲಿ ಐವತ್ತೊಂಬತ್ತು. ಆ ಮೂರು ಲಕ್ಷಕ್ಕಾಗಿ ಇಡೀ ಬೆಳಿಗ್ಗೆ ಬೆವರಿದೆ. ಕೊನೆಗೆ ನೋಡಿದರೆ ಅದು ಲಾರಿಯಲ್ಲಿತ್ತು. ವರ್ಷದ ಕೊನೆಯ ದಿನ ಅಲ್ಲಿಂದ ಹೊರಟ ಲೋಡು ಇಲ್ಲಿಗೆ ಮುಟ್ಟಿರಲಿಲ್ಲ. ದಾರಿಯಲ್ಲಿರುವ ಸರಕೆಂದು ನಮ್ಮ ಪುಸ್ತಕಕ್ಕೆ ಸೇರಿಸಿ, ಎರಡೂ ಕಡೆ ಸಮ ಮಾಡಿ, ಬಾಕಿಯನ್ನೂ ಒರೆಸಿದೆ.

ಉಳಿದದ್ದು ಗೋದಾಮು. ಕೊಂಡ ಸೀಸೆಗಳಲ್ಲಿ ಒಂದಷ್ಟು ಇನ್ನೂ ಔಷಧ ತುಂಬದೆ ನಮ್ಮಲ್ಲೇ ಬಿದ್ದಿದ್ದವು, ಲಾರಿಯಲ್ಲಿದ್ದವು ಬೇರೆ. ಅವುಗಳ ಬೆಲೆಯಲ್ಲಿ ಸೀಸೆ ಕಂಪನಿಯ ಲಾಭವೂ ಅಡಗಿತ್ತು: ತೆರಿಗೆ ಕಳೆದು ಎಂಟು ಲಕ್ಷ. ಸೀಸೆ ಹೊರಗಿನ ಗಿರಾಕಿಯ ಕೈ ಸೇರುವವರೆಗೆ ಸಮೂಹದ ಮಟ್ಟಿಗೆ ಅದು ಗಳಿಸಿದ ಲಾಭವಲ್ಲ. ಕಳೆದೆ. ಲಾಭ ಬರೆದುಕೊಂಡದ್ದು ಅಂಗಸಂಸ್ಥೆಯಾದ್ದರಿಂದ ಆ ಕಡಿತವನ್ನು ಅದರ ಪಾಲುದಾರರು ಹಂಚಿಕೊಳ್ಳಬೇಕು: ಆರು ಲಕ್ಷ ನಮಗೆ, ಎರಡು ಲಕ್ಷ ಸೀಸೆ ಅಮ್ಮನಿಗೆ. ಸೀಸೆ ಕಂಪನಿಯ ಸ್ವಂತ ಪುಸ್ತಕದಲ್ಲಿ ನಿವ್ವಳ ಆಸ್ತಿ ನಾಲ್ಕು ಕೋಟಿ. ಅದರ ಕಾಲು ಭಾಗ ಒಂದು ಕೋಟಿ, ಎರಡು ಲಕ್ಷ ಹೋಗಿ ತೊಂಬತ್ತೆಂಟು ಲಕ್ಷ. ಆಡಿಟರ್ ಹುಡುಗಿ ಪರಿಶೀಲಿಸಿ ಹಸಿರು ಗುರುತು ಹಾಕಿದಳು. ನನ್ನ ಪಾಲಿಗೆ ಹಸಿರು ಗುರುತೆಂದರೆ ಪದಕ.

ಸಹಿ ಹಾಕುವ ದಿನ ಸೀಸೆ ಅಮ್ಮ ಒಬ್ಬರೇ ಬಂದರು. ಮುಖ್ಯಸ್ಥರು ಪಕ್ಕದ ಕೋಣೆಯಲ್ಲಿ ಆಡಿಟರ್ ಜೊತೆ ಕುಳಿತಿದ್ದರು. ಅಂಕಿ ವಿವರಿಸಿ ಸಹಿ ಹಾಕಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದ್ದರು. ಸೀಸೆ ಅಮ್ಮ ಕನ್ನಡಕ ಏರಿಸಿ ಹಾಳೆ ನೋಡಿದರು.

“ಒಂದು ಕೋಟಿ ಆಗುತ್ತೆ ಅಂದ್ಕೊಂಡಿದ್ದೆ ಕಣಪ್ಪ. ಎರಡು ಎಲ್ಲಿ ಹೋಯ್ತು?”

ಈ ಪ್ರಶ್ನೆಗಾಗಿಯೇ ನಾನು ಕಾದಿದ್ದೆ. ಪಾಠ ಹೇಳುವ ಅವಕಾಶ ಸಿಕ್ಕಿದರೆ ನನಗೆ ಊಟ ಬೇಡ. ಬಿಳಿ ಹಲಗೆಯ ಮೇಲೆ ಎರಡು ಚೌಕ ಬರೆದೆ, ನಡುವೆ ಬಾಣ ಹಾಕಿದೆ, ಗೋದಾಮು ಬಿಡಿಸಿದೆ. ಗೋದಾಮಿಗೆ ಬಾಗಿಲನ್ನೂ ಬರೆದೆ, ಅದರ ಅಗತ್ಯವಿರಲಿಲ್ಲ. ಅವರು ತಾಳ್ಮೆಯಿಂದ ಕೇಳಿದರು. ನಡುವೆ ಒಮ್ಮೆ, ಸೀಸೆಯ ಕತ್ತು ಅಷ್ಟು ಉದ್ದ ಇರಲ್ಲ ಎಂದು ನನ್ನ ಚಿತ್ರ ತಿದ್ದಿದರು.

“ಹಾಗಾದ್ರೆ ನಾವು ಲಾಭ ಮಾಡಿದ್ದು ಸುಳ್ಳಾ?”

“ಸುಳ್ಳಲ್ಲಮ್ಮ. ನಿಮ್ಮ ಕಂಪನಿ ಪುಸ್ತಕದಲ್ಲಿ ಅದು ಹಾಗೇ ಇದೆ. ಎಲ್ಲಾ ಸೇರಿಸಿ ನೋಡೋವಾಗ ಮಾತ್ರ ಸ್ವಲ್ಪ ತಡೆ ಹಿಡೀತೀವಿ. ಎಲ್ಲೂ ಹೋಗಲ್ಲ. ಆ ಸೀಸೆ ಖರ್ಚಾದ ಮೇಲೆ, ಮುಂದಿನ ವರ್ಷದ ಲೆಕ್ಕದಲ್ಲಿ ವಾಪಸ್ ಬರುತ್ತೆ.”

“ಬರುತ್ತಲ್ಲ, ಸರಿ ಹಾಗಾದ್ರೆ,” ಎಂದು ಅವರು ಪೆನ್ನು ತೆಗೆದರು. “ಕಂಪ್ರೆಸರ್ ಹಳೇದೇ ತಗೋತೀವಿ. ಸದ್ಯಕ್ಕೆ ನಡೆಯುತ್ತೆ.”

ಅವರಿಗೆ ಸಮಾಧಾನವಾಗಿತ್ತು. ನನಗೆ ಮಾತ್ರ ನಾನಾಡಿದ ಕೊನೆಯ ವಾಕ್ಯ ಕೋಣೆಯಲ್ಲೇ ನಿಂತಂತಾಯಿತು. ವಾಪಸ್ ಬರುತ್ತೆ, ಯಾರಿಗೆ? ಮುಂದಿನ ವರ್ಷ ಆ ಸಾಲೇ ಇರುವುದಿಲ್ಲ. ಸೀಸೆ ಅಮ್ಮ ಇಂದು ಪಾಲು ಮಾರಿದರೆ ಆ ಎರಡು ಲಕ್ಷ ಬಂದು ಸೇರುವುದು ನಮಗೆ. ಅವರ ಕಂಪನಿ ಸೀಸೆ ಮಾಡಿದೆ, ಮಾರಿದೆ, ಬಿಲ್ಲು ಹಾಕಿದೆ. ನಮ್ಮ ಗೋದಾಮಿನಲ್ಲಿ ನಾವು ನಿಧಾನ ಮಾಡಿದ್ದಕ್ಕೆ ಅವರ ಕಂಪ್ರೆಸರ್ ಹಳೆಯದಾಗುತ್ತಿತ್ತು. ನನ್ನ ಅಂಕಿ ವರದಿಗೆ ತೂಕ ಹಾಕಿದಷ್ಟು ಸರಿ. ಅದನ್ನು ಬೆಲೆಯೆಂದು ಬರೆದದ್ದು ಶುದ್ಧ ಪೆದ್ದುತನ. ಉಷ್ಣಮಾಪಕದಿಂದ ಉದ್ದ ಅಳೆದ ಭೌತವಿಜ್ಞಾನಿ ನಾನು.

“ಅಮ್ಮ, ಸಹಿ ಹಾಕಬೇಡಿ. ಹತ್ತು ನಿಮಿಷ ಇರಿ.”

“ಯಾಕಪ್ಪ, ಚಿತ್ರ ಇನ್ನೂ ಇದೆಯಾ?”

ಪಕ್ಕದ ಕೋಣೆಗೆ ಹೋದೆ. ಮುಖ್ಯಸ್ಥರಿಗೆ ವಿಷಯ ಹೇಳುವಾಗ ನನ್ನ ದನಿ ಯಾಕೋ ಶಾಲಾ ಹುಡುಗನಂತಾಯಿತು. ಬೆಲೆಯನ್ನು ಒಟ್ಟು ಲೆಕ್ಕದಿಂದಲ್ಲ, ಸೀಸೆ ಕಂಪನಿಯ ಸ್ವಂತ ಲೆಕ್ಕದಿಂದ ತೆಗೆಯಬೇಕು ಎಂದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

“ಆಕೆ ಕೇಳಿದ್ರಾ?”

“ಇಲ್ಲ ಸಾರ್. ಪೆನ್ನು ತೆಗೆದಿದ್ರು.”

“ಆ ವಾಕ್ಯ ಬರೆದಿದ್ದು ಯಾರು?”

“ನಾನೇ.”

“ಅಚ್ಚುಕಟ್ಟಾಗಿದೆ ಅಂತ ಬೇರೆ ಹೇಳ್ಬಿಟ್ಟೆ ನಿಂಗೆ.”

ಆಡಿಟರ್ ಹುಡುಗಿ ಲ್ಯಾಪ್‌ಟಾಪಿನ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದಳು. ನಾವು ಗುರುತು ಹಾಕಿರೋದು ವರದಿಯ ಅಂಕಿಗೆ, ಬೆಲೆಗಲ್ಲ ಎಂದು ಮೆಲ್ಲಗೆ ಹೇಳಿ ತಾನು ಪಾರಾದಳು. ಮುಖ್ಯಸ್ಥರಿಗೆ ಇನ್ನೊಂದು ಚಿಂತೆ ಹತ್ತಿತು. ತೊಂಬತ್ತೆಂಟರ ಪಾಲಿಗೆ ನೂರು ಕೊಟ್ಟರೆ ಎರಡು ಲಕ್ಷ ನಷ್ಟವೆಂದು ಲಾಭದಲ್ಲಿ ಕಡಿಮೆಯಾಗುತ್ತದಲ್ಲ, ನಿರ್ದೇಶಕರಿಗೆ ಏನು ಹೇಳಲಿ ಎಂದರು. ಇದಕ್ಕೆ ಮಾತ್ರ ನನ್ನ ಬಳಿ ಗಟ್ಟಿ ಉತ್ತರವಿತ್ತು. ಸೀಸೆ ಕಂಪನಿಯ ಹಿಡಿತ ಮೊದಲೂ ನಮ್ಮದು, ಆಮೇಲೂ ನಮ್ಮದು. ಹಾಗಿರುವಾಗ ಉಳಿದ ಪಾಲನ್ನು ಕೊಳ್ಳುವುದು ಮಾಲೀಕರ ನಡುವಿನ ವ್ಯವಹಾರ. ವ್ಯತ್ಯಾಸ ಲಾಭ-ನಷ್ಟದ ಪಟ್ಟಿಗೆ ಹೋಗುವುದಿಲ್ಲ, ನೇರವಾಗಿ ನಮ್ಮ ಮಾಲೀಕರ ಬಂಡವಾಳದಲ್ಲಿ ಕಡಿಮೆಯಾಗುತ್ತದೆ. ಆಡಿಟರ್ ಹುಡುಗಿ ತಲೆಯಾಡಿಸಿದಳು. ಲಾಭಕ್ಕೆ ಪೆಟ್ಟಿಲ್ಲ ಎಂದೊಡನೆ ಮುಖ್ಯಸ್ಥರ ನ್ಯಾಯಪ್ರಜ್ಞೆ ಜಾಗೃತವಾಯಿತು.

“ಹೇಗಿದ್ರೂ ಆಕೆ ದುಡ್ಡು ಆಕೆಗೇ ಹೋಗ್ಬೇಕು ಬಿಡು,” ಎಂದರು, ಮೊದಲಿನಿಂದಲೂ ಅದೇ ಅವರ ಅಭಿಪ್ರಾಯವೆಂಬಂತೆ. “ತಿದ್ದಿ ತಾ. ಈ ಸಲ ನಾನು ಹೊಗಳಲ್ಲ.”

ವಾಕ್ಯ ತಿದ್ದಿ, ಹಾಳೆ ಮುದ್ರಿಸಿ, ಸೀಸೆ ಅಮ್ಮನ ಮುಂದಿಟ್ಟೆ. ಅಂಕಿ ನೋಡಿ ಅವರು ಹಲಗೆಯತ್ತ ತಿರುಗಿದರು.

“ಮತ್ತೆ ಇಷ್ಟು ಹೊತ್ತು ಅಲ್ಲಿ ಬರೆದಿದ್ದು ತಪ್ಪಾ?”

“ಅದು ಸರಿ ಅಮ್ಮ. ಅದನ್ನ ಇಲ್ಲಿಗೆ ತಂದಿದ್ದು ತಪ್ಪು.”

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ಅಚ್ಚಿನಲ್ಲಿ ಕೂದಲೆಳೆಯಷ್ಟು ಸೀಳಿದೆಯೇ ಎಂದು ನೋಡುವ ದೃಷ್ಟಿ ಅದು.

“ನೀನು ಸುಮ್ನಿದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ.”

“ನಂಗೂ ಗೊತ್ತಾಗ್ತಿರ್ಲಿಲ್ಲ. ನಿಮಗೆ ಪಾಠ ಹೇಳೋಕೆ ಹೋಗಿ ಗೊತ್ತಾಯ್ತು.”

ಇದಕ್ಕೆ ಅವರು ಗಟ್ಟಿಯಾಗಿ ನಕ್ಕರು. ನನ್ನ ವಿನಯವೆಂದು ಭಾವಿಸಿದರೋ ಏನೋ. ನಾನು ಹೇಳಿದ್ದು ಅಕ್ಷರಶಃ ನಿಜ. ಆಮೇಲೆ ಪ್ರತಿ ಹಾಳೆಯ ಕೆಳಗೂ ಅವಸರವಿಲ್ಲದೆ ಸಹಿ ಹಾಕಿದರು, ಕನ್ನಡಕ ಮಡಚಿ ಪೆಟ್ಟಿಗೆಯಲ್ಲಿಟ್ಟರು, ಬಾಗಿಲ ಬಳಿ ನಿಂತು ಮಗಳಿಗೆ ಫೋನು ಮಾಡಿದರು.

“ಆ ಹಳೇ ಕಂಪ್ರೆಸರ್ ಬೇಡ ಅಂತ ಹೇಳಿಬಿಡು. ಹೊಸದಕ್ಕೇ ಮುಂಗಡ ಕೊಡು. ಹ್ಞೂಂ, ಪೂರ್ತಿ ಬಂತು. ಇಲ್ಲ ಇಲ್ಲ, ಜಗಳ ಏನೂ ಆಗ್ಲಿಲ್ಲ. ಇಲ್ಲೊಬ್ರು ಚಿತ್ರ ಬಿಡಿಸಿದ್ರು, ಅಷ್ಟೇ.”

ಅವರು ಮೆಟ್ಟಿಲಿಳಿದು ಹೋದ ಮೇಲೆ ಹಲಗೆ ಒರೆಸಲು ಬಟ್ಟೆ ಎತ್ತಿಕೊಂಡೆ. ಸೀಸೆಯ ಕತ್ತು ನಿಜಕ್ಕೂ ತುಂಬಾ ಉದ್ದವಾಗಿತ್ತು.